‘ಮೊದಲು’ ಅಂದರೆ ಯಾವ ವರ್ಷ?

ಎರಡನೇ ರಿವ್ಯೂವರ್ ಬರೆದ ಹದಿನಾಲ್ಕು ಟಿಪ್ಪಣಿಗಳಲ್ಲಿ ಆರನೆಯದು ಒಂದೇ ಸಾಲಿನದು. ‘ಲೇಖಕರು ಉದ್ದಕ್ಕೂ “ಮೊದಲು” ಎನ್ನುತ್ತಾರೆ. ಅದು ಯಾವ ವರ್ಷ?’

ನಾನು ಒಂದು ಸಂಶೋಧನಾ ಪತ್ರಿಕೆಗೆ ಕಳಿಸಿದ್ದ ಪೇಪರ್ ಒಂದು ಗುತ್ತಿನ ಮನೆಯ, ಅಂದರೆ ಊರಿನ ಹಳೆಯ ಭೂಮಾಲೀಕ ಮನೆತನದ, ಜುಮಾದಿ ದೈವದ ಕೋಲದ ಬಗ್ಗೆ. ದಕ್ಷಿಣ ಕನ್ನಡದ ಹಳ್ಳಿ. ಹೆಸರು ಪೇಪರಿನಲ್ಲೂ ಇಲ್ಲ, ಇಲ್ಲೂ ಬೇಡ. ಕೋಲ ಕಟ್ಟುವವರು, ಅಂದರೆ ಆ ರಾತ್ರಿ ದೈವವಾಗಿ ನಿಲ್ಲುವವರು, ಮುಖಕ್ಕೆ ಬಣ್ಣ ಹಾಕಿಕೊಳ್ಳುವಾಗ ಅವರ ಮನೆಯ ಹೆಂಗಸೊಬ್ಬರು ಪಕ್ಕದಲ್ಲಿ ಕೂತು ತೆಂಬರೆ ಬಾರಿಸುತ್ತಾ ದೈವದ ಪಾಡ್ದನ ಹೇಳುತ್ತಾರೆ. ದೈವ ಎಲ್ಲಿ ಹುಟ್ಟಿತು, ಯಾವ ಗಟ್ಟ ಇಳಿದು ಬಂತು, ಯಾವ ಬೀಡಿನಲ್ಲಿ ನೆಲೆ ಕೇಳಿತು ಎಂಬ ಕಥೆ. ಬಣ್ಣ ಮುಗಿದು, ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಏರುವವರೆಗೂ ಆ ಹಾಡು ನಡೆಯಬೇಕು. ಈಗ ಆ ಗುತ್ತಿನಲ್ಲಿ ಅದು ಇಪ್ಪತ್ತು ನಿಮಿಷಕ್ಕೆ ಇಳಿದಿದೆ, ಮೈಕಿನ ಮುಂದೆ ಒಬ್ಬ ಹುಡುಗ ಹೇಳುತ್ತಾನೆ. ಇದು ಯಾಕೆ ಹೀಗಾಯಿತು ಎಂಬುದು ಪೇಪರಿನ ಪ್ರಶ್ನೆ. ಟ್ಯೂಬ್‌ಲೈಟ್ ಮತ್ತು ಮೈಕ್ ಬಂದದ್ದೇ ಕಾರಣ ಎಂಬುದು ನನ್ನ ಉತ್ತರವಾಗಿತ್ತು. ದೀವಟಿಗೆಯ ಬೆಳಕಿನಲ್ಲಿ ಕಿವಿಗೆ ಕೆಲಸವಿತ್ತು, ವಿದ್ಯುತ್ತಿನ ಬೆಳಕಿನಲ್ಲಿ ಕಣ್ಣಿಗೇ ಎಲ್ಲ ಸಿಕ್ಕಿತು ಎಂದು ಬರೆದಿದ್ದೆ. ಬರೆಯುವಾಗ ಆ ವಾಕ್ಯ ನನಗೆ ಬಹಳ ಹಿಡಿಸಿತ್ತು.

ಸಂಪಾದಕರ ಮೇಲ್‌ನಲ್ಲಿ ‘ಮೇಜರ್ ರಿವಿಷನ್’ ಎಂದಿತ್ತು, ತೊಂಬತ್ತು ದಿನ ಗಡುವು. ತಿದ್ದಿದ ಪೇಪರಿನ ಜೊತೆ ಒಂದು ಉತ್ತರಪತ್ರ ಕಳಿಸಬೇಕು. ಹೊಸಬರಿಗೆ ಹೇಳಬೇಕಾದ ಮಾತು: ಇದು ನಿಜಕ್ಕೂ ಎರಡು ಪತ್ರ. ಒಂದು ಸಂಪಾದಕರಿಗೆ ಮಾತ್ರ, ಒಂದು ಪುಟ ಮೀರಬಾರದು. ದೊಡ್ಡದಾಗಿ ಏನು ಬದಲಾಯಿತು, ಯಾವುದನ್ನು ಒಪ್ಪಲಿಲ್ಲ, ರಿವ್ಯೂವರ್‌ಗಳು ಪರಸ್ಪರ ವಿರುದ್ಧ ಕೇಳಿದ್ದರೆ ನಾನು ಯಾವ ದಾರಿ ಹಿಡಿದೆ ಎಂಬುದಷ್ಟೇ ಅದರಲ್ಲಿ. ಇನ್ನೊಂದು ರಿವ್ಯೂವರ್‌ಗಳ ಕೈಗೆ ಹೋಗುವಂಥದ್ದು. ಅದರಲ್ಲಿ ಅವರ ಪ್ರತಿ ಟಿಪ್ಪಣಿಯನ್ನು ಒಂದಕ್ಷರ ಬಿಡದೆ ಇಳಿಸಿಕೊಂಡು, ಅದರ ಕೆಳಗೆ ನಮ್ಮ ಉತ್ತರ, ಅದರ ಕೆಳಗೆ ಪೇಪರಿನಲ್ಲಿ ಹೊಸದಾಗಿ ಬರೆದ ಸಾಲುಗಳನ್ನೇ ಕೊಡಬೇಕು. ಟಿಪ್ಪಣಿಯನ್ನು ನಮ್ಮ ಮಾತಿನಲ್ಲಿ ಸಂಕ್ಷೇಪಿಸಿದರೆ ಅದರ ಮೊನೆ ಮುರಿಯುತ್ತದೆ. ನನ್ನ ಮೊದಲ ಕರಡಿನಲ್ಲಿ ಆರನೇ ಟಿಪ್ಪಣಿಯನ್ನು ‘ಕಾಲಾನುಕ್ರಮದ ಬಗ್ಗೆ ಸ್ಪಷ್ಟತೆ ಕೋರಿದ್ದಾರೆ’ ಎಂದು ಸಂಕ್ಷೇಪಿಸಿದ್ದೆ. ಹಾಗೆ ಬರೆದರೆ ಅದು ಎರಡು ಇಸವಿ ಸೇರಿಸಿ ಮುಗಿಸುವ ಕೆಲಸವಾಗಿ ಕಾಣುತ್ತದೆ. ‘ಅದು ಯಾವ ವರ್ಷ?’ ಎಂದೇ ಇಳಿಸಿಕೊಂಡಾಗ ತಪ್ಪಿಸಿಕೊಳ್ಳುವ ದಾರಿ ಇರಲಿಲ್ಲ.

ಅದರ ಕೆಳಗೆ ನಾನು ಬರೆದ ಮೊದಲ ಉತ್ತರ ಹೀಗಿತ್ತು: ‘ಈ ಪ್ರದೇಶದಲ್ಲಿ ಫೀಲ್ಡ್‌ವರ್ಕ್ ಮಾಡಿದ ಯಾರಿಗಾದರೂ ಗೊತ್ತಿರುವಂತೆ, ವಿದ್ಯುತ್ ಬರುವ ಮೊದಲು ಪಾಡ್ದನ ರಾತ್ರಿಯ ಬಹುಭಾಗ ನಡೆಯುತ್ತಿತ್ತು.’ ಒಂದು ವಾರ ಬಿಟ್ಟು ಓದಿದೆ. ‘ಯಾರಿಗಾದರೂ ಗೊತ್ತಿರುವಂತೆ’ ಎನ್ನುವುದು ಆಧಾರವಿಲ್ಲದವರ ಮಾತು. ಆಚರಣೆ ಬದಲಾಗಿದೆ ಎಂದು ಬರೆಯುವ ಪೇಪರುಗಳಲ್ಲಿ ಎಡವುವ ಜಾಗವೇ ಇದು. ಈಗ ನಡೆಯುವುದನ್ನು ನಾವು ಕಣ್ಣಾರೆ ನೋಡಿ, ಗಡಿಯಾರ ಇಟ್ಟು ಬರೆದಿರುತ್ತೇವೆ. ಹಿಂದೆ ನಡೆದದ್ದನ್ನು ಹಿರಿಯರ ಬಾಯಿಂದ ಕೇಳಿರುತ್ತೇವೆ. ನಂತರ ಎರಡನ್ನೂ ಒಂದೇ ಕೋಷ್ಟಕದ ಎರಡು ಕಾಲಂಗಳಲ್ಲಿ ಅಕ್ಕಪಕ್ಕ ಇಡುತ್ತೇವೆ. ಎಡಗಡೆಯ ಕಾಲಂನಲ್ಲಿ ಮೂವರು ಹಿರಿಯರ ನೆನಪು ಬೆರೆತು ಒಂದಾಗಿರುತ್ತದೆ. ಒಬ್ಬರ ಬಾಲ್ಯ ಐವತ್ತರ ದಶಕದ್ದು, ಇನ್ನೊಬ್ಬರದು ಎಪ್ಪತ್ತರದ್ದು. ಹೀಗೆ ಬೆರೆತ ‘ಮೊದಲು’ ಯಾವ ಒಂದು ರಾತ್ರಿಯಲ್ಲೂ ನಡೆದದ್ದಲ್ಲ. ಚಿಕ್ಕವರಿದ್ದಾಗ ನಿದ್ದೆಗಣ್ಣಲ್ಲಿ ಕೇಳಿದ ಹಾಡು ನೆನಪಿನಲ್ಲಿ ಬೆಳಗಿನವರೆಗೂ ನಡೆಯುತ್ತದೆ.

ಅದೇ ರಿವ್ಯೂವರ್‌ನ ಏಳನೇ ಟಿಪ್ಪಣಿ ಇದಕ್ಕಿಂತ ಗಟ್ಟಿ. ನಾನು ಪೇಪರಿನಲ್ಲಿ ಹೇಳಿದ್ದೆ: 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಯಿತು, ಗೇಣಿಗೆ ಉಳುತ್ತಿದ್ದವರು ಅರ್ಜಿ ಹಾಕಿ ಭೂಮಿಯ ಒಡೆಯರಾದರು, ಗುತ್ತಿನ ಮನೆಗೆ ಗೇಣಿ ಬರುವುದು ನಿಂತಿತು, ಹೀಗಾಗಿ ಕೋಲದ ಖರ್ಚು ಊರಿನ ಸಮಿತಿಯ ಹೆಗಲಿಗೆ ಬಂತು. ಬೇರೆ ಕಡೆ, ಇನ್ನೊಂದು ಸಂದರ್ಭದಲ್ಲಿ, ಸಮಿತಿ ರಚನೆಯಾದದ್ದು 1991ರಲ್ಲಿ ಎಂದೂ ಬರೆದಿದ್ದೆ. ರಿವ್ಯೂವರ್ ಎರಡನ್ನೂ ಜೋಡಿಸಿ ಕೇಳಿದರು: ನಡುವಿನ ಹದಿನೇಳು ವರ್ಷ ಏನಾಯಿತು?

ನನಗೆ ಉತ್ತರ ಗೊತ್ತಿರಲಿಲ್ಲ. ಪತ್ರವನ್ನು ಅಲ್ಲಿಗೇ ನಿಲ್ಲಿಸಿ ಊರಿಗೆ ಹೋದೆ.

ಗುತ್ತಿನ ಮನೆ ನನ್ನ ತಾಯಿಯ ಕಡೆಯದು. ಅಳಿಯಸಂತಾನದ ಲೆಕ್ಕದಲ್ಲಿ ಆ ಮನೆಯ ಮಕ್ಕಳಲ್ಲಿ ನಾನೂ ಸೇರಿದ್ದೇನೆ, ಈಗಿನ ಯಜಮಾನರು ನನಗೆ ಮಾವ. ಹಳೆಯ ಲೆಕ್ಕದ ಪುಸ್ತಕ ಇದೆಯೇ ಎಂದು ಹಿಂದೆಯೂ ಕೇಳಿದ್ದೆ, ಗೆದ್ದಲು ತಿಂದಿದೆ ಎಂದಿದ್ದರು. ಈ ಸಲ ‘ಮಾವ, ತಿಂದದ್ದನ್ನೇ ತೋರಿಸಿ’ ಎಂದೆ. ಚಾವಡಿಯ ಪೆಟ್ಟಿಗೆಯಿಂದ ಉದ್ದನೆಯ ನೋಟ್‌ಬುಕ್ಕು ತೆಗೆದರು. ಅಂಚು ಹೋಗಿತ್ತು, ನಡುವಿನ ಬರಹ ಉಳಿದಿತ್ತು. 1958ರಿಂದ 1976ರವರೆಗೆ ಪ್ರತಿ ವರ್ಷದ ಕೋಲಕ್ಕೆ ಒಂದೊಂದು ಪುಟ. ಅಜ್ಜನ ಕಾಲದ ಮೋಡಿ ಅಕ್ಷರವಲ್ಲ, ಶಾಲೆ ಕಲಿತ ಕೈಬರಹ, ಓದಲು ಕಷ್ಟವಾಗಲಿಲ್ಲ.

ಒಂದು ಪುಟವನ್ನು ಇಲ್ಲಿ ಹತ್ತಿರದಿಂದ ನೋಡಬೇಕು. ದೀವಟಿಗೆಗೆ ಎಣ್ಣೆ, ಇಷ್ಟು ಸೇರು. ಸಿರಿಗೆ ತೆಂಗಿನ ಎಳೆಗರಿ. ಬಾರಣೆಗೆ ಅಕ್ಕಿ, ತೆಂಗಿನಕಾಯಿ, ಸೀಯಾಳ, ಬೆಲ್ಲ. ವಾದ್ಯದವರಿಗೆ ಇಷ್ಟು. ಮಡಿವಾಳರಿಗೆ ಇಷ್ಟು. ಕಟ್ಟಿದವರಿಗೆ ಒಂದು ಮುಡಿ ಅಕ್ಕಿ ಮತ್ತು ಬಟ್ಟೆ. ಅದರ ಕೆಳಗೆ ಬೇರೆಯೇ ಒಂದು ಸಾಲು: ‘ಸಂಧಿ ಹೇಳಿದವಳಿಗೆ ಅಕ್ಕಿ 1 ಕಳಸೆ, ಕಾಯಿ 2, ಎಲೆ ಅಡಿಕೆ.’ ಸಂಧಿ ಎಂದರೆ ಪಾಡ್ದನವೇ. ಮುಡಿ ಎಂದರೆ ಬೈಹುಲ್ಲಿನಲ್ಲಿ ಸುತ್ತಿ ಹಗ್ಗ ಬಿಗಿದು ಕಟ್ಟಿದ 42 ಸೇರು ಅಕ್ಕಿ, ಕಳಸೆ ಅದರ ಮೂರರಲ್ಲೊಂದು ಪಾಲು. ಹದಿನಾಲ್ಕು ಸೇರು ಅಕ್ಕಿ ಆ ಕಾಲದ ಕೂಲಿಯವರ ಮನೆಗೆ ಸಣ್ಣದಲ್ಲ. ಇಷ್ಟೂ ವರ್ಷ ಆ ಸಾಲು ಹಾಗೇ ಬರುತ್ತದೆ. ಹೇಳಿದವಳ ಹೆಸರಿಲ್ಲ, ಅವಳ ಪಾಲು ಮಾತ್ರ ಇದೆ. ಕಟ್ಟಿದವರ ಪಾಲಿನೊಳಗೆ ಅವಳನ್ನು ಸೇರಿಸಿಲ್ಲ.

1976ರ ಪುಟದ ನಂತರ ಪುಸ್ತಕ ಖಾಲಿ. ‘ಭೂಮಸೂದೆಯಲ್ಲಿ ಡಿಕ್ಲರೇಶನ್ ಆದ ಮೇಲೆ ಮುಡಿ ಬರುವುದೇ ನಿಂತಿತಲ್ಲ, ಏನಂತ ಬರೆಯುವುದು?’ ಎಂದರು ಮಾವ. ಕೋಲ ಪ್ರತಿ ವರ್ಷ ನಡೆಯುವುದೂ ನಿಂತಿತು. ಆಮೇಲೆ 1991ರವರೆಗೆ ಎಷ್ಟು ಸಲ ನಡೆಯಿತು ಎಂದು ಕೇಳಿದರೆ ಒಬ್ಬರು ಮೂರು ಎಂದರು, ಒಬ್ಬರು ಐದು ಎಂದರು. ಮೂರು ದಿನ ಕೂತು ಲೆಕ್ಕ ಹಾಕಿದೆವು. ಯಾರ ಮದುವೆಯ ವರ್ಷ, ಯಾವ ಮಗು ಹೊಟ್ಟೆಯಲ್ಲಿತ್ತು, ಯಾರು ಎಸ್ಸೆಸ್ಸೆಲ್ಸಿಯಲ್ಲಿದ್ದರು ಎಂದು. ಮನೆಯ ದೊಡ್ಡ ಮಗ ಬೊಂಬಾಯಿಯ ಹೋಟೆಲಿನಲ್ಲಿದ್ದರು, ಕೋಲಕ್ಕೆಂದು ಅವರು ಕಳಿಸಿದ ಮನಿ ಆರ್ಡರಿನ ಚೀಟಿಗಳಲ್ಲಿ ಎರಡು ಸಿಕ್ಕಿದವು, ಅಂಚೆ ಮುದ್ರೆಯ ತಾರೀಕಿನ ಸಮೇತ. ಕೊನೆಗೆ ನಾಲ್ಕು ಎಂದು ನಿಂತಿತು. ಅದರಲ್ಲಿ 1983ರದ್ದು ಮತ್ತು 1988ರದ್ದು ಖಚಿತ, ಉಳಿದೆರಡಕ್ಕೆ ‘ಸುಮಾರು’ ಎಂದು ಬರೆದೆ.

1983ರ ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಖರ್ಚಿನ ಲೆಕ್ಕವಿತ್ತು. ಪೆಟ್ರೋಮ್ಯಾಕ್ಸ್ ಬಾಡಿಗೆ, ನಾಲ್ಕು. ಹೂ. ಊಟದ ಸಾಮಾನು. ‘ಕಟ್ಟಿನವರಿಗೆ ಒಟ್ಟು’ ಎಂದು ಒಂದೇ ಮೊತ್ತ, ರೂಪಾಯಿಯಲ್ಲಿ. ಸಂಧಿ ಹೇಳಿದವಳ ಸಾಲು ಇರಲಿಲ್ಲ.

ಮನೆಗೆ ಕರೆಂಟು ಬಂದದ್ದು 1986ರಲ್ಲಿ. ಮೀಟರಿನ ಠೇವಣಿ ರಸೀದಿ ಅದೇ ಪೆಟ್ಟಿಗೆಯಲ್ಲಿತ್ತು.

ರಸೀದಿ ಒಂದು ಕೈಯಲ್ಲಿ, ಮನಿ ಆರ್ಡರಿನ ಚೀಟಿ ಇನ್ನೊಂದು ಕೈಯಲ್ಲಿ ಹಿಡಿದು ಚಾವಡಿಯ ಮೆಟ್ಟಿಲ ಮೇಲೆ ಎಷ್ಟೋ ಹೊತ್ತು ಕೂತಿದ್ದೆ. ನನ್ನ ಪೇಪರಿನ ಮುಖ್ಯ ವಾದ ಬಿದ್ದಿತ್ತು. ಬೆಳಕು ಬರುವ ಮೂರು ವರ್ಷ ಮೊದಲೇ ಲೆಕ್ಕದಿಂದ ಹಾಡು ಹೋಗಿತ್ತು.

ಪಾಡ್ದನ ಹೇಳುತ್ತಿದ್ದ ಹಿರಿಯರು ಈಗಲೂ ಇದ್ದಾರೆ, ಮೂರು ಮೈಲಿ ದೂರದಲ್ಲಿ ಮಗನ ಮನೆಯಲ್ಲಿ. ಅವರನ್ನು ಮೊದಲೂ ಎರಡು ಸಲ ಭೇಟಿ ಮಾಡಿದ್ದೆ, ಪಾಡ್ದನ ರೆಕಾರ್ಡ್ ಮಾಡಿಕೊಂಡಿದ್ದೆ. ಕೂಲಿಯ ಬಗ್ಗೆ ಒಂದು ಮಾತೂ ಕೇಳಿರಲಿಲ್ಲ. ಈ ಸಲ ಅಕ್ಕಿಯ ಸಾಲನ್ನು ಓದಿ ಹೇಳಿದೆ. ಅವರು ತುಳುವಿನಲ್ಲಿ ಹೇಳಿದ್ದನ್ನು ಕನ್ನಡದಲ್ಲಿ ಬರೆಯುತ್ತೇನೆ: ‘ಲೈಟಿಗೂ ನಾನು ಬಿಟ್ಟದ್ದಕ್ಕೂ ಏನು ಸಂಬಂಧ? ಕತ್ತಲೆಯಲ್ಲೂ ಹೇಳಿದ್ದೇನೆ, ಗ್ಯಾಸ್‌ಲೈಟಿನಲ್ಲೂ ಹೇಳಿದ್ದೇನೆ. ಕಳಸೆ ಅಕ್ಕಿ ನನ್ನ ಸೆರಗಿಗೆ ಬೀಳುತ್ತಿತ್ತು, ಯಜಮಾನರ ಕೈಯಿಂದ ನನಗೇ. ಆಮೇಲೆ ದುಡ್ಡು ಗಂಡಸರ ಕೈಗೆ ಬಂತು. ನನಗೆ ಕೊಟ್ಟರೆ ಕೊಟ್ಟರು, ಇಲ್ಲದಿದ್ದರೆ ಇಲ್ಲ. ರಾತ್ರಿಯಿಡೀ ಹೇಳಿ ಬೆಳಗ್ಗೆ ಬೀಡಿ ಕಟ್ಟಲು ಕೂತರೆ ಕಣ್ಣು ಮುಚ್ಚಿ ಹೋಗುತ್ತದೆ. ಬೀಡಿಯ ದುಡ್ಡು ನನ್ನದೇ ಅಲ್ಲವಾ.’

1983ರ ರಾತ್ರಿ ಅವರು ಸ್ವಲ್ಪ ಹೇಳಿ ಎದ್ದಿದ್ದರು. 1988ರಲ್ಲಿ ಬರಲೇ ಇಲ್ಲ. ಆ ಸಲ ಪಾಡ್ದನವೇ ಇರಲಿಲ್ಲ, ಬಣ್ಣ ಹಾಕುವಾಗ ವಾದ್ಯ ಮಾತ್ರ. 1991ರಲ್ಲಿ ಸಮಿತಿಯಾಗಿ ಮೈಕು ಬಂದಾಗ, ಪಾಡ್ದನ ಬೇಕೇ ಬೇಕು ಎಂದು ಸಮಿತಿಯವರೇ ಕೇಳಿ ಒಬ್ಬ ಹುಡುಗನಿಂದ ಹೇಳಿಸಿದರು. ಅಂದರೆ ಹಾಡನ್ನು ಕೊಂದಿತು ಎಂದು ನಾನು ಬರೆದಿದ್ದ ಮೈಕೇ, ನಿಂತು ಹೋಗಿದ್ದ ಹಾಡು ಇಪ್ಪತ್ತು ನಿಮಿಷವಾದರೂ ವಾಪಸು ಬರಲು ಕಾರಣವಾಗಿತ್ತು.

ಈಗ ಪತ್ರಕ್ಕೆ ಬರೋಣ. ಆರು ಮತ್ತು ಏಳನೇ ಟಿಪ್ಪಣಿಗಳಿಗೆ ಒಟ್ಟಿಗೆ ಉತ್ತರಿಸಿದೆ. ಇಂಗ್ಲಿಷಿನಲ್ಲಿ ಬರೆದದ್ದರ ಸಾರ ಇದು:

‘ಈ ಎರಡು ಪ್ರಶ್ನೆಗಳು ಪೇಪರಿನ ವಾದವನ್ನು ಬದಲಿಸಿವೆ. ಮೊದಲ ಪ್ರತಿಯಲ್ಲಿ “ಮೊದಲು” ಎಂಬುದು ಮೂವರ ನೆನಪುಗಳ ಮೊತ್ತವಾಗಿತ್ತು. ಅದನ್ನು ಎಲ್ಲ ಕಡೆಯಿಂದ ತೆಗೆದಿದ್ದೇನೆ. ಈಗ ಮೂರು ಅವಧಿಗಳಿವೆ: ಮನೆಯ ಲೆಕ್ಕಪುಸ್ತಕ ಇರುವ 1958–76, ಚೀಟಿ ಮತ್ತು ನೆನಪುಗಳಿಂದ ಕಟ್ಟಿದ 1977–90, ಸಮಿತಿಯ ದಾಖಲೆ ಮತ್ತು ನನ್ನ ವೀಕ್ಷಣೆ ಇರುವ 1991ರ ನಂತರದ್ದು. ಎರಡನೆಯ ಅವಧಿಯ ಆಧಾರ ಉಳಿದೆರಡಕ್ಕಿಂತ ದುರ್ಬಲ, ಅದನ್ನು ಪೇಪರಿನಲ್ಲೇ ಹೇಳಿದ್ದೇನೆ. ವಿದ್ಯುತ್ ಬೆಳಕಿನ ಕುರಿತ ವಾದವನ್ನು ಕೈಬಿಟ್ಟಿದ್ದೇನೆ. ಗಾಯಕಿಗೆ ಪ್ರತ್ಯೇಕವಾಗಿ ಸಲ್ಲುತ್ತಿದ್ದ ಧಾನ್ಯದ ಪಾಲು, ನಗದು ಬಂದಾಗ ತಂಡದ ಒಟ್ಟು ಮೊತ್ತದಲ್ಲಿ ಕರಗಿದ್ದೇ ಪಾಡ್ದನ ಕುಗ್ಗಲು ಹತ್ತಿರದ ಕಾರಣ ಎಂಬುದು ಈಗಿನ ವಾದ.’

ಇದರ ಕೆಳಗೆ ಹೊಸ ಪ್ಯಾರಾವನ್ನು ಪೂರ್ತಿ ಅಂಟಿಸಿ, ಯಾವ ಫೈಲಿನ ಎಷ್ಟನೇ ಸಾಲು ಎಂದು ಕೊಟ್ಟೆ. ಈ ಸಾಲುಸಂಖ್ಯೆ ಸಣ್ಣ ವಿಷಯ, ಆದರೆ ಇಲ್ಲಿ ಒಂದು ಸಲ ಕೆಟ್ಟಿದೆ. ಹಿಂದಿನ ಒಂದು ಪೇಪರಿನಲ್ಲಿ ತಿದ್ದುಪಡಿ ಕಾಣುವ ಫೈಲಿನ ಸಂಖ್ಯೆ ಕೊಟ್ಟಿದ್ದೆ. ರಿವ್ಯೂವರ್ ಓದಿದ್ದು ಸ್ವಚ್ಛ ಪ್ರತಿ, ಅದರಲ್ಲಿ ಅಳಿಸಿದ ಸಾಲುಗಳೆಲ್ಲ ಮಾಯವಾಗಿ ಸಂಖ್ಯೆಗಳು ಹಿಂದಕ್ಕೆ ಸರಿದಿದ್ದವು. ‘ಲೇಖಕರು ಹೇಳಿದ ಜಾಗದಲ್ಲಿ ಏನೂ ಬದಲಾಗಿಲ್ಲ’ ಎಂದು ಬರೆದು ವಾಪಸು ಕಳಿಸಿದರು. ಆಮೇಲಿಂದ ಸಂಖ್ಯೆ ಹಾಕುವುದು ಕೊನೆಯ ಕೆಲಸ, ಸ್ವಚ್ಛ ಪ್ರತಿ ಸಿದ್ಧವಾದ ಮೇಲೆಯೇ.

ಒಪ್ಪಿಕೊಳ್ಳುವುದು ನಾನು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಎಷ್ಟು ಒಪ್ಪಬೇಕು ಎಂದು ತೂಗುವುದು ಕಷ್ಟವಾಯಿತು. ಲೆಕ್ಕಪುಸ್ತಕ ಸಿಕ್ಕ ಹುಮ್ಮಸ್ಸಿನಲ್ಲಿ ‘ತುಳುನಾಡಿನ ಪಾಡ್ದನ ಪರಂಪರೆ ಕುಗ್ಗಲು ಭೂಸುಧಾರಣೆಯೇ ಕಾರಣ’ ಎಂದು ಬರೆದುಬಿಟ್ಟಿದ್ದೆ. ನನ್ನ ಕೈಯಲ್ಲಿರುವುದು ಒಂದು ಮನೆಯ ಒಂದು ಪುಸ್ತಕ. ಬೀಡಿಯ ದುಡಿಮೆ ಎಂಬ ಬೇರೊಂದು ಕಾರಣವನ್ನು ಆ ಹಿರಿಯರೇ ಹೇಳಿದ್ದಾರೆ. ಅಕ್ಕಿ ಸಿಗುತ್ತಿದ್ದರೂ ಬೀಡಿಗಾಗಿ ಹಾಡು ಬಿಡುತ್ತಿದ್ದರೋ ಏನೋ, ಈ ಒಂದು ಪ್ರಕರಣದಿಂದ ಬೇರ್ಪಡಿಸಿ ಹೇಳಲು ಬರುವುದಿಲ್ಲ. ಭೂಮಿ ಸಿಕ್ಕವರ ಮಾತೂ ಇದೆ. ಗೇಣಿಯ ಮುಡಿ ನಿಂತದ್ದು ಗುತ್ತಿನ ಚಾವಡಿಗೆ ನಷ್ಟ, ಗದ್ದೆಯಲ್ಲಿ ದುಡಿದವರಿಗೆ ಅದೇ ಮುಡಿ ಮನೆಯಲ್ಲಿ ಉಳಿದ ವರ್ಷ. ಆ ಮನೆಯ ಮಗುವಾಗಿ ನಾನು ಇದನ್ನು ಬಿಟ್ಟು ಬರೆದರೆ ಅದು ಗುತ್ತಿನ ಕಣ್ಣಿನಿಂದ ಬರೆದ ಚರಿತ್ರೆಯಾಗುತ್ತದೆ. ಆದ್ದರಿಂದ ವಾಕ್ಯವನ್ನು ಆ ಒಂದು ಗುತ್ತಿಗೆ ಕಟ್ಟಿಹಾಕಿ, ಬೀಡಿಯ ಮಾತನ್ನು ಅಡಿಟಿಪ್ಪಣಿಗೆ ತಳ್ಳದೆ ವಾದದ ಒಳಗೇ ಇಟ್ಟೆ.

ಮೊದಲನೇ ರಿವ್ಯೂವರ್ ಕೇಳಿದ್ದು ಬೇರೆ. ಇಡೀ ಪೇಪರನ್ನು ‘ಸಂಸ್ಕೃತೀಕರಣ’ದ ಚೌಕಟ್ಟಿನಲ್ಲಿ ತಿರುಗಿ ಬರೆಯಬೇಕು, ಮತ್ತು ವಿವರಣೆಯ ಭಾಗವನ್ನು ಅರ್ಧಕ್ಕೆ ಇಳಿಸಬೇಕು. ಎರಡನೆಯವರು ವಿವರ ಇನ್ನೂ ಬೇಕು ಎಂದಿದ್ದರು. ಇಂಥ ಹೊತ್ತಿನಲ್ಲಿ ಇಬ್ಬರಿಗೂ ಅರ್ಧರ್ಧ ಒಪ್ಪಿಸಲು ಹೋದರೆ ಪೇಪರು ಯಾರಿಗೂ ಬೇಡವಾಗುತ್ತದೆ. ಸಂಪಾದಕರ ಪತ್ರದಲ್ಲಿ ಇದನ್ನು ನೇರವಾಗಿ ಹೇಳಿದೆ: ಎರಡು ಸಲಹೆಗಳು ವಿರುದ್ಧ ದಿಕ್ಕಿನವು, ಹೊಸ ವಾದ ಲೆಕ್ಕದ ಸಾಲುಗಳ ಮೇಲೆ ನಿಂತಿರುವುದರಿಂದ ಆ ವಿವರಗಳನ್ನು ಉಳಿಸಿದ್ದೇನೆ, ಬದಲಿಗೆ ಅಲಂಕಾರದ ಮತ್ತು ಕುಣಿತದ ವರ್ಣನೆಯನ್ನು ಕಡಿಮೆ ಮಾಡಿದ್ದೇನೆ, ನಿಮ್ಮ ಅಭಿಪ್ರಾಯ ಬೇರೆಯಾದರೆ ತಿಳಿಸಿ. ತೀರ್ಮಾನಿಸುವ ಅಧಿಕಾರ ಇರುವುದು ಅವರಿಗೆ, ಹಾಗಾಗಿ ಪ್ರಶ್ನೆಯೂ ಅವರ ಮುಂದೆಯೇ ಇರಬೇಕು.

ಸಂಸ್ಕೃತೀಕರಣದ ಬಗ್ಗೆ ಉತ್ತರ ಬರೆಯುವುದು ಒಂದು ಇಡೀ ವಾರ ಹಿಡಿಯಿತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಆ ಪರಿಕಲ್ಪನೆಯನ್ನು ಮುಂದಿಟ್ಟದ್ದು 1952ರಲ್ಲಿ ಪ್ರಕಟವಾದ ಕೊಡಗರ ಅಧ್ಯಯನದಲ್ಲಿ. ಕೊಡಗು ನಮ್ಮ ಪಕ್ಕದ ಜಿಲ್ಲೆ, ಕರ್ನಾಟಕದ ಆಚರಣೆಗಳ ಬಗ್ಗೆ ಬರೆಯುವಾಗ ಅವರನ್ನು ದಾಟಿ ಹೋಗುವಂತಿಲ್ಲ. ನನ್ನ ಗುತ್ತಿನಲ್ಲೂ ಅದಕ್ಕೆ ಹೊಂದುವ ಸಂಗತಿಗಳಿವೆ. ಸಮಿತಿ ಬಂದ ಮೇಲೆ ದೈವಸ್ಥಾನಕ್ಕೆ ಹೊಸ ಗುಡಿಯಾಯಿತು, ತಂತ್ರಿಗಳು ಬಂದು ಬ್ರಹ್ಮಕಲಶ ಮಾಡಿದರು, ‘ಭೂತ’ ಎನ್ನುತ್ತಿದ್ದವರು ಆಮಂತ್ರಣದಲ್ಲಿ ‘ದೈವ’ ಎಂದೇ ಅಚ್ಚು ಹಾಕಿಸಿದರು. ಆದರೆ ಆ ಪರಿಕಲ್ಪನೆ ಕೇಳುವ ಪ್ರಶ್ನೆ, ಒಂದು ಗುಂಪು ತನ್ನ ಸ್ಥಾನ ಏರಿಸಿಕೊಳ್ಳಲು ಯಾರ ನಡೆಯನ್ನು ತನ್ನದಾಗಿಸಿಕೊಂಡಿತು ಎಂಬುದು. ಕಲಶ ಮಾಡಿಸಿದವರು ಸಮಿತಿಯವರು. ಹಾಡು ನಿಲ್ಲಿಸಿದವರು ಕೋಲ ಕಟ್ಟುವವರ ಮನೆಯ ಒಬ್ಬ ಹೆಂಗಸು, ಸಮಿತಿ ಹುಟ್ಟುವ ಮೊದಲೇ, ಯಾರನ್ನೂ ಅನುಸರಿಸಿ ಅಲ್ಲ. ಎರಡನ್ನೂ ಒಂದೇ ಹೆಸರಿನಿಂದ ಕರೆದರೆ ಎರಡನೆಯದು ಕಾಣೆಯಾಗುತ್ತದೆ. ಆದ್ದರಿಂದ ಗುಡಿ ಮತ್ತು ಕಲಶದ ಬಗ್ಗೆ ಒಂದು ಹೊಸ ಪ್ಯಾರಾ ಬರೆದು ಅಲ್ಲಿ ಆ ಪರಿಕಲ್ಪನೆಯನ್ನು ಬಳಸಿದೆ, ಇಡೀ ಪೇಪರಿನ ಚೌಕಟ್ಟಾಗಿ ಯಾಕೆ ಬಳಸಲಿಲ್ಲ ಎಂಬುದನ್ನು ಮೇಲಿನ ಮಾತುಗಳಲ್ಲೇ ಹೇಳಿದೆ. ಒಲ್ಲೆ ಎನ್ನುವಾಗ ಕಾರಣ ಪೇಪರಿನ ಸಾಮಗ್ರಿಯಿಂದಲೇ ಬರಬೇಕು. ‘ಇದು ಈ ಲೇಖನದ ವ್ಯಾಪ್ತಿಯನ್ನು ಮೀರುತ್ತದೆ’ ಎಂಬ ಸಿದ್ಧವಾಕ್ಯ ಕರಡಿನಲ್ಲಿ ಮೂರು ಕಡೆ ಇತ್ತು. ಮೂರನ್ನೂ ತೆಗೆದೆ.

ಪೂರ್ತಿಯಾಗಿ ಒಲ್ಲೆ ಎಂದದ್ದು ಒಂದೇ ಟಿಪ್ಪಣಿಗೆ. ದೈವ ಆ ರಾತ್ರಿ ಕೊಟ್ಟ ನುಡಿಯ ಪಠ್ಯವನ್ನು ಅನುಬಂಧವಾಗಿ ಕೊಡಿ, ಕಟ್ಟಿದವರ ಮುಖವರ್ಣಿಕೆಯ ಹಂತಹಂತದ ಫೋಟೋ ಹಾಕಿ ಎಂದು ಕೇಳಿದ್ದರು. ನನ್ನ ಹತ್ತಿರ ಎರಡೂ ಇದ್ದವು. ನುಡಿಯಲ್ಲಿ ಬಂದದ್ದು ಒಂದು ಮನೆಯ ಅಣ್ಣತಮ್ಮಂದಿರ ಜಾಗದ ತಕರಾರು. ಗಡಿಯ ಯಜಮಾನರ ಮುಂದೆ, ಊರವರ ಮುಂದೆ ಆಡಿದ ಮಾತು ಗುಟ್ಟಲ್ಲ ನಿಜ, ಆದರೆ ಆ ಅಂಗಳದ ನೂರಿನ್ನೂರು ಜನಕ್ಕೆ ಹೇಳಿದ್ದು ಜಗತ್ತಿಗೆ ಹೇಳಿದ್ದಲ್ಲ. ಫೋಟೋ ತೆಗೆಯಲು ಕಟ್ಟಿದವರು ಒಪ್ಪಿದ್ದರು, ‘ಅರ್ಧ ಬಣ್ಣದ ಮುಖ ಎಲ್ಲೂ ಹಾಕಬೇಡಿ’ ಎಂದೂ ಹೇಳಿದ್ದರು. ಅರ್ಧ ಬಣ್ಣದಲ್ಲಿ ಅವರು ತಾವೂ ಅಲ್ಲ, ದೈವವೂ ಅಲ್ಲ. ಪತ್ರದಲ್ಲಿ ಈ ಎರಡು ಕಾರಣಗಳನ್ನು ಬರೆದು, ಬದಲಿಗೆ ಏನು ಕೊಟ್ಟಿದ್ದೇನೆ ಎಂದು ಹೇಳಿದೆ: ನುಡಿ ಹೇಗೆ ಶುರುವಾಗುತ್ತದೆ, ಯಾರನ್ನು ಯಾವ ಕ್ರಮದಲ್ಲಿ ಕರೆಯುತ್ತದೆ, ಎಲ್ಲಿ ಅಭಯ ಕೊಟ್ಟು ಮುಗಿಸುತ್ತದೆ ಎಂಬ ಒಂದು ಪುಟದ ವಿವರಣೆ. ರಿವ್ಯೂವರ್‌ಗೆ ಬೇಕಿದ್ದದ್ದು ನುಡಿಯ ಸ್ವರೂಪ. ತಕರಾರಿನ ಹೆಸರುಗಳಿಲ್ಲದೆಯೂ ಅದು ಸಿಗುತ್ತದೆ.

ಇದರ ಜೊತೆಗೇ ಇನ್ನೊಂದು ಪ್ರಶ್ನೆಯಿತ್ತು: ಲೇಖಕರಿಗೂ ಈ ಮನೆಗೂ ಏನು ಸಂಬಂಧ? ಉತ್ತರಪತ್ರದ ಕರಡಿನಲ್ಲಿ ಲೆಕ್ಕಪುಸ್ತಕ ಸಿಕ್ಕ ಬಗೆಯನ್ನು ವಿವರಿಸುತ್ತಾ ‘ನನ್ನ ಮಾವ’ ಎಂದು ಮೂರು ಕಡೆ ಬರೆದಿದ್ದೆ. ಹೆಸರು ಮುಚ್ಚಿಟ್ಟು ನಡೆಯುವ ವಿಮರ್ಶೆಯಲ್ಲಿ ಉತ್ತರಪತ್ರವೂ ರಿವ್ಯೂವರ್ ಕೈಗೆ ಹೋಗುತ್ತದೆ ಎಂಬುದು ಹಲವರಿಗೆ ಮರೆತುಹೋಗುತ್ತದೆ. ಪೇಪರಿನಿಂದ ಹೆಸರು ತೆಗೆದು ಪತ್ರದ ಕೆಳಗೆ ಸಹಿ ಹಾಕಿದವರನ್ನು ಬಲ್ಲೆ. ತುಳುನಾಡಿನ ದೈವಾರಾಧನೆಯ ಮೇಲೆ ಬರೆಯುವವರು ಬೆರಳೆಣಿಕೆಯಷ್ಟು, ಯಾರ ಮಾವ ಯಾವ ಗುತ್ತಿನವರು ಎಂದು ತಿಳಿಯಲು ಎರಡು ನಿಮಿಷ ಸಾಕು. ಹಾಗೆಂದು ಸಂಬಂಧವನ್ನು ಮುಚ್ಚಿಟ್ಟರೆ ಓದುಗರಿಗೆ ಅನ್ಯಾಯ. ಪೇಪರಿನಲ್ಲಿ ‘ಲೇಖಕರು ತಾಯಿಯ ಕಡೆಯಿಂದ ಈ ಮನೆಗೆ ಸೇರಿದವರು, ಲೆಕ್ಕಪುಸ್ತಕ ಲಭ್ಯವಾದದ್ದು ಈ ಸಂಬಂಧದಿಂದ’ ಎಂದು ಒಂದು ವಾಕ್ಯ ಸೇರಿಸಿದೆ. ರಿವ್ಯೂವರ್‌ಗಳ ಪತ್ರದಲ್ಲಿ ಆ ವಾಕ್ಯದ ಸಾಲುಸಂಖ್ಯೆ ಮಾತ್ರ. ಉಳಿದ ವಿವರ ಸಂಪಾದಕರ ಪತ್ರಕ್ಕೆ. ಕಳಿಸುವ ಮೊದಲು ಫೈಲಿನ ಪ್ರಾಪರ್ಟೀಸ್ ತೆರೆದು ನೋಡಿದೆ. ಬರೆದವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಹಾಗೇ ಇತ್ತು, ಅದನ್ನೂ ಅಳಿಸಿದೆ.

ಸಣ್ಣಪುಟ್ಟ ಟಿಪ್ಪಣಿಗಳಿಗೆ ‘ತಿದ್ದಿದ್ದೇನೆ, ಸಾಲು ಇಂತಿಷ್ಟು’ ಎಂದಷ್ಟೇ ಬರೆದೆ. ಧನ್ಯವಾದ ಪತ್ರದ ಆರಂಭದಲ್ಲಿ ಒಂದು ಸಲ, ಆರು–ಏಳನೇ ಟಿಪ್ಪಣಿಗಳ ಕೆಳಗೆ ಇನ್ನೊಂದು ಸಲ. ಎರಡನೇ ಸಲದ್ದು ಮನಸ್ಸಿನಿಂದ ಬಂದದ್ದು. ಆ ರಿವ್ಯೂವರ್ ಯಾರೆಂದು ನನಗೆ ಗೊತ್ತಿಲ್ಲ. ಅವರು ಕೇಳದಿದ್ದರೆ ಸೆರಗಿಗೆ ಬಿದ್ದ ಕಳಸೆ ಅಕ್ಕಿ ನನ್ನ ಪೇಪರಿನಲ್ಲಿ ಇರುತ್ತಿರಲಿಲ್ಲ.

ಎಂಬತ್ತೇಳನೇ ದಿನ ಎಲ್ಲ ಮುಗಿದಿತ್ತು, ಒಂದು ಬಿಟ್ಟು. ಎರಡನೇ ರಿವ್ಯೂವರ್‌ನ ಕೊನೆಯ ಟಿಪ್ಪಣಿ: ‘ಗಾಯಕಿಗೆ ಹೆಸರಿಲ್ಲ. ಗೋಪ್ಯತೆಗಾಗಿಯೋ, ಮೂಲದಲ್ಲೇ ಇಲ್ಲವೋ?’ ಎರಡೂ ಹೌದು. ಲೆಕ್ಕಪುಸ್ತಕದಲ್ಲಿ ಅವರು ‘ಹೇಳಿದವಳು’, ನನ್ನ ಪೇಪರಿನಲ್ಲಿ ‘ಗಾಯಕಿ’. ಮಗನ ಮನೆಗೆ ಫೋನ್ ಮಾಡಿಸಿ ಅವರನ್ನೇ ಕೇಳಿದೆ, ನಿಮ್ಮ ಹೆಸರು ಹಾಕಲಾ ಎಂದು. ತುಂಬ ಹೊತ್ತು ಸುಮ್ಮನಿದ್ದರು. ಹಾಕಿದರೆ ಗುತ್ತಿನವರಿಗೆ ಬೇಸರವಾಗುತ್ತದಾ ಎಂದು ಕೇಳಿದರು. ಮಾವನನ್ನು ಕೇಳಿದ್ದೇನೆ, ಆಗುವುದಿಲ್ಲ ಎಂದೆ. ಹಾಗಾದರೆ ಮಗನ ಹತ್ತಿರ ಕೇಳಿ ಹೇಳುತ್ತೇನೆ ಎಂದರು. ಪತ್ರದ ಆ ಜಾಗದಲ್ಲಿ ಹೀಗೆ ಬರೆದು ಕಳಿಸಿದೆ: ‘ಗಾಯಕಿಯ ಒಪ್ಪಿಗೆಗಾಗಿ ಕಾಯುತ್ತಿದ್ದೇನೆ. ಅಚ್ಚಿಗೆ ಹೋಗುವ ಮೊದಲು ಅವರು ಒಪ್ಪಿದರೆ ಸಾಲು 318ರಲ್ಲಿ ಅವರ ಹೆಸರು ಬರುತ್ತದೆ.’